ಬಡ್ತಿಯ ಸುದ್ದಿ: ವಾಟ್ಸ್‌ಆ್ಯಪ್ ಗುಂಪಿನ ಸಂಭ್ರಮದಿಂದ ತಂಡದ ಟಿಪ್ಪಣಿಯವರೆಗೆ

‘ನಮ್ಮ ವಿಭಾಗದವರೊಬ್ಬರಿಗೆ ಬಡ್ತಿ ಆಗಿದೆ. ಗುಂಪಿನಲ್ಲಿ ಬೆಳಗಿನಿಂದ ಅಭಿನಂದನೆಗಳು ಬರುತ್ತಲೇ ಇವೆ. ಇದನ್ನೆಲ್ಲ ಸೇರಿಸಿ ಚೆನ್ನಾಗಿ ಒಂದು ಟಿಪ್ಪಣಿ ಬರೆದುಕೊಡು ಎಂದು ಸಾಹೇಬರು ನನಗೆ ಹೇಳಿದ್ದಾರೆ. ಹೇಗೆ ಬರೆಯಲಿ?’ ಬಾಗಲಕೋಟೆ, ಬೆಳಗಾವಿ, ವಿಜಯಪುರ ಕಡೆಯ ಕಾರ್ಖಾನೆ, ಸಹಕಾರಿ ಸಂಘ, ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ಓದುಗರು ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆ. ಹೀಗೆ ಕೇಳುವವರು ಬಹುತೇಕ ಬರವಣಿಗೆಯ ಕೆಲಸದವರಲ್ಲ. ಅಕ್ಷರ ಚೆನ್ನಾಗಿದೆ, ಮೊಬೈಲಿನಲ್ಲಿ ಕನ್ನಡ ಬೇಗ ಒತ್ತುತ್ತಾರೆ ಎಂಬ ಕಾರಣಕ್ಕೆ ಈ ಹೊಣೆ ಅವರ ಮೇಲೆ ಬಿದ್ದಿರುತ್ತದೆ.

ಒಂದೇ ಉದಾಹರಣೆಯನ್ನು ಹಿಡಿದು ಕೊನೆಯವರೆಗೆ ಹೋಗೋಣ. ಮುಧೋಳ ಭಾಗದ ಒಂದು ಸಕ್ಕರೆ ಕಾರ್ಖಾನೆಯ ಪ್ರಯೋಗಾಲಯ ಎಂದುಕೊಳ್ಳಿ. ಲ್ಯಾಬ್ ಕೆಮಿಸ್ಟ್ ಮಹಾಂತೇಶ ಬಡಿಗೇರ ಅವರಿಗೆ ಲ್ಯಾಬ್ ಇನ್‌ಚಾರ್ಜ್ ಆಗಿ ಬಡ್ತಿ ಸಿಕ್ಕಿದೆ. ಕಾರ್ಖಾನೆ, ಹೆಸರು, ಸಂದೇಶ ಎಲ್ಲವೂ ಮಾದರಿಗೆಂದು ನಾನು ಕಟ್ಟಿದವು. ಸಕ್ಕರೆ ಕಾರ್ಖಾನೆಯನ್ನೇ ಆರಿಸಿದ್ದಕ್ಕೆ ಕಾರಣವಿದೆ. ಅಲ್ಲಿ ಹೊಗಳಿಕೆಯ ಒಂದು ತಪ್ಪು ವಾಕ್ಯ ಕಾರ್ಖಾನೆಯ ಗೇಟು ದಾಟಿ ಹೊರಗೆ ಹೋದರೆ ಏನಾಗಬಹುದು ಎಂಬುದು ಸ್ಪಷ್ಟವಾಗಿ ಕಾಣುತ್ತದೆ.

ಮೊದಲು ಕೈಯಲ್ಲಿ ಇರಬೇಕಾದವು

ಬಡ್ತಿ ಆದೇಶದ ಪ್ರತಿ ಬೇಕು. ಅದು ಸಿಗದಿದ್ದರೆ ಆಡಳಿತ ವಿಭಾಗದವರು ಬರಹದಲ್ಲಿ ಕೊಟ್ಟ ವಿವರವಾದರೂ ಬೇಕು. ಯಾರೋ ಬಾಯಲ್ಲಿ ಹೇಳಿದ್ದನ್ನು ನಂಬಿ ಬರೆಯಲು ಕೂರಬೇಡಿ. ಎರಡನೆಯದು, ಸುದ್ದಿಯನ್ನು ಪ್ರಕಟಿಸಲು ವಿಭಾಗದ ಮುಖ್ಯಸ್ಥರ ಒಪ್ಪಿಗೆ. ಗುಂಪಿನಲ್ಲಿ ಸುದ್ದಿ ಈಗಾಗಲೇ ಹರಡಿದೆ ಎಂದ ಮಾತ್ರಕ್ಕೆ ಒಪ್ಪಿಗೆ ಸಿಕ್ಕಂತಾಗುವುದಿಲ್ಲ. ಆದೇಶಕ್ಕೆ ಸಹಿ ಬೀಳುವ ಮೊದಲೇ ಗುಂಪಿನಲ್ಲಿ ಹೂಗುಚ್ಛಗಳು ಬಂದುಬಿಡುವುದು ನಮ್ಮ ಕಡೆ ಸಾಮಾನ್ಯ. ಮೂರನೆಯದು, ಬಡ್ತಿ ಪಡೆದವರೊಂದಿಗೆ ಹತ್ತು ನಿಮಿಷದ ಮಾತು. ಇದನ್ನು ತಪ್ಪಿಸಿಕೊಂಡವರೇ ಹೆಚ್ಚು. ಯಾಕೆ ಬೇಕು ಎಂಬುದು ಮುಂದೆ ಗೊತ್ತಾಗುತ್ತದೆ.

ಹಂತ 1: ಸಂದೇಶಗಳನ್ನು ಬೇರ್ಪಡಿಸಿ

ಗುಂಪಿನ ಸಂದೇಶಗಳನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ಪೂರ್ತಿ ಓದಿ. ಉಪಯೋಗಕ್ಕೆ ಬರಬಹುದು ಎನಿಸಿದ ಸಂದೇಶವನ್ನು ಒತ್ತಿ ಹಿಡಿದು ನಕ್ಷತ್ರದ ಗುರುತು ಹಾಕಿಕೊಂಡರೆ ಆಮೇಲೆ ಅವೆಲ್ಲ ಒಂದೇ ಕಡೆ ಸಿಗುತ್ತವೆ. ಇಡೀ ಗುಂಪಿನ ಮಾತುಕತೆಯನ್ನು ಕಡತವಾಗಿ ಹೊರತೆಗೆದು ಇನ್ನೊಬ್ಬರಿಗೆ ಕಳುಹಿಸುವುದು ಬೇಡ. ಅದರಲ್ಲಿ ಬೇರೆಯವರ ಮೊಬೈಲ್ ಸಂಖ್ಯೆ, ಸಂಬಂಧವಿಲ್ಲದ ಮಾತು ಎಲ್ಲವೂ ಇರುತ್ತವೆ.

ನಮ್ಮ ಮಾದರಿ ಗುಂಪಿನಿಂದ ಆರಿಸಿದ ಸಂದೇಶಗಳು ಇವು. ಆಡುಮಾತನ್ನು ಓದಿನ ಅನುಕೂಲಕ್ಕಾಗಿ ಬರಹದ ರೂಪಕ್ಕೆ ತಂದಿದ್ದೇನೆ.

ಅ) ‘ಮಹಾಂತೇಶಣ್ಣಾ, ಅಭಿನಂದನೆಗಳು! ಕೊನೆಗೂ ನ್ಯಾಯ ಸಿಕ್ಕಿತು!’

ಆ) ‘ಬಡಿಗೇರ ಸಾಹೇಬರು ಈಗ ಡೆಪ್ಯೂಟಿ ಚೀಫ್ ಕೆಮಿಸ್ಟ್!’

ಇ) ‘ಕಳೆದ ಹಂಗಾಮಿನಲ್ಲಿ ಬಗ್ಯಾಸ್ ಪೋಲ್ ಏರಿದಾಗ ರಾತ್ರಿಯೆಲ್ಲ ನಿಂತು ಕಾರಣ ಹುಡುಕಿದವರು ಇವರೇ.’

ಈ) ‘ಈ ವರ್ಷ ರಿಕವರಿ ಏರಿದ್ದೇ ಇವರಿಂದ.’

ಉ) ‘ನನಗೆ ಪೋಲಾರಿಮೀಟರ್ ಹಿಡಿಯಲು ಕಲಿಸಿದ ಗುರು.’

ಊ) ‘ತಂದೆಯವರು ಆಸ್ಪತ್ರೆಯಲ್ಲಿದ್ದಾಗಲೂ ರಜೆ ಹಾಕಲಿಲ್ಲ. ಅಂಥ ಮನುಷ್ಯ.’

ಎ) ‘ಊಟ ಯಾವಾಗ ಅಣ್ಣಾ? ಸಂಬಳ ಎಷ್ಟು ಏರಿತು?’

ಏ) ‘ಹಾಗಾದರೆ ಇನ್ನು ಮೇಲೆ ಪಾಳಿ ವರದಿ ಯಾರಿಗೆ ಕೊಡಬೇಕು?’

ಒಂದು ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿರಿ. ಮೊದಲನೆಯದು ಆದೇಶದೊಂದಿಗೆ ತಾಳೆ ನೋಡಬೇಕಾದ ಸಂಗತಿಗೆ, ಎರಡನೆಯದು ಅವರು ಮಾಡಿದ ಕೆಲಸಕ್ಕೆ, ಮೂರನೆಯದು ಪ್ರೀತಿ ಹಾರೈಕೆಗೆ, ಕೊನೆಯದು ಟಿಪ್ಪಣಿಗೆ ಬರಕೂಡದ್ದಕ್ಕೆ. ಆ ಮತ್ತು ಏ ಮೊದಲ ಅಂಕಣಕ್ಕೆ, ಇ, ಈ, ಉ ಎರಡನೆಯದಕ್ಕೆ, ಊ ಮತ್ತು ಎ ಕೊನೆಯದಕ್ಕೆ ಹೋಗುತ್ತವೆ. ‘ಅ’ ಸಂದೇಶವನ್ನು ಒಡೆಯಬೇಕಾಗುತ್ತದೆ. ಅಭಿನಂದನೆ ಮೂರನೆಯ ಅಂಕಣಕ್ಕೆ ಬಂದರೆ, ‘ಕೊನೆಗೂ ನ್ಯಾಯ ಸಿಕ್ಕಿತು’ ಎಂಬುದು ಕೊನೆಯ ಅಂಕಣಕ್ಕೆ ಬೀಳುತ್ತದೆ.

ಆ ಮಾತು ಯಾಕೆ ಕೂಡದು? ಬರೆದವರ ಮನಸ್ಸಿನಲ್ಲಿ ಇರುವುದು ಪ್ರೀತಿಯೇ. ಆದರೆ ಸಾಹೇಬರ ಹೆಸರಿನಲ್ಲಿ ಹೋಗುವ ಟಿಪ್ಪಣಿಯಲ್ಲಿ ‘ಕೊನೆಗೂ’ ಎಂದು ಬಂದರೆ ಇಷ್ಟು ದಿನ ಅನ್ಯಾಯ ನಡೆದಿತ್ತು ಎಂದು ಸಂಸ್ಥೆಯೇ ಒಪ್ಪಿಕೊಂಡಂತೆ. ಅದೇ ಹುದ್ದೆಯ ಆಸೆ ಇಟ್ಟುಕೊಂಡಿದ್ದ ಇನ್ನೊಬ್ಬ ಕೆಮಿಸ್ಟ್ ಅದೇ ಕೋಣೆಯಲ್ಲಿ ಕೂತು ಓದುತ್ತಾರೆ ಎಂಬುದನ್ನು ಮರೆಯಬೇಡಿ. ‘ಅರ್ಹರಿಗೇ ಸಿಕ್ಕಿದೆ’, ‘ಎಲ್ಲರಿಗಿಂತ ಸಮರ್ಥರು’ ಎಂಬ ಮಾತುಗಳೂ ಅವರನ್ನು ನೋಯಿಸುತ್ತವೆ. ಒಬ್ಬರನ್ನು ಹೊಗಳಲು ಇನ್ನೊಬ್ಬರೊಂದಿಗೆ ಅಳೆಯುವ ಯಾವ ಪದವೂ ಟಿಪ್ಪಣಿಯಲ್ಲಿ ಉಳಿಯಬಾರದು.

ಈ ಎಂಟರಲ್ಲಿ ನನ್ನ ಪ್ರಕಾರ ಅತಿ ಬೆಲೆಯುಳ್ಳ ಸಂದೇಶ ಕೊನೆಯದು. ಪಾಳಿ ವರದಿ ಯಾರಿಗೆ ಕೊಡಬೇಕು ಎಂದು ಒಬ್ಬರು ಕೇಳಿದ್ದಾರೆ. ಹೂಗುಚ್ಛಗಳ ನಡುವೆ ಅದು ಮುಳುಗಿಹೋಗಿದೆ, ಯಾರೂ ಉತ್ತರ ಕೊಟ್ಟಿಲ್ಲ. ಟಿಪ್ಪಣಿ ಬರೆಯುವುದೇ ಆ ಉತ್ತರಕ್ಕಾಗಿ. ಅಭಿನಂದನೆ ಗುಂಪಿನಲ್ಲಿ ಆಗಲೇ ಸಲ್ಲಿದೆ. ಯಾವ ದಿನದಿಂದ ಯಾರ ಕೆಲಸ ಏನಾಗುತ್ತದೆ ಎಂಬುದು ಮಾತ್ರ ಇನ್ನೂ ಯಾರಿಗೂ ಗೊತ್ತಿಲ್ಲ.

ಹಂತ 2: ಆದೇಶದೊಂದಿಗೆ ತಾಳೆ ನೋಡಿ

ನಾಲ್ಕು ವಿಷಯ ಸಾಕು: ಹೆಸರು, ಹುದ್ದೆ, ದಿನಾಂಕ, ಯಾರಿಗೆ ಯಾರು ವರದಿ ಮಾಡಬೇಕು.

ಹೆಸರು ಸುಲಭ ಎನಿಸುತ್ತದೆ, ಆದರೆ ನಮ್ಮ ಕಡೆ ಅಡ್ಡಹೆಸರಿನಿಂದಲೇ ಕರೆಯುವ ರೂಢಿ. ಒಂದೇ ಕಾರ್ಖಾನೆಯಲ್ಲಿ ನಾಲ್ಕು ಜನ ಪಾಟೀಲರು, ಇಬ್ಬರು ಬಡಿಗೇರರು ಇರುತ್ತಾರೆ. ‘ಬಡಿಗೇರ ಅವರಿಗೆ ಬಡ್ತಿ’ ಎಂದು ಬರೆದರೆ ಬಾಯ್ಲರ್ ವಿಭಾಗದ ಬಡಿಗೇರರಿಗೂ ಅಭಿನಂದನೆಯ ಕರೆಗಳು ಹೋಗುತ್ತವೆ. ಮೊದಲ ಸಲ ಬರೆಯುವಾಗ ಪೂರ್ಣ ಹೆಸರು, ತಂದೆಯ ಹೆಸರಿನ ಮೊದಲಕ್ಷರ, ಅಡ್ಡಹೆಸರು ಮತ್ತು ವಿಭಾಗ ನಾಲ್ಕೂ ಬರಲಿ. ಕಾಗುಣಿತವನ್ನು ಆದೇಶದಿಂದಲೇ ತೆಗೆದುಕೊಳ್ಳಿ. ಆದೇಶ ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಹೇಗೆ ಬರೆಯಬೇಕೆಂದು ಅವರನ್ನೇ ಕೇಳಿ. ಮಹಾಂತೇಶ, ಮಹಾಂತೇಶ್ ಎರಡೂ ರೂಢಿಯಲ್ಲಿವೆ. ಯಾವುದು ತಮ್ಮದು ಎಂದು ಹೇಳಬೇಕಾದವರು ಆ ಹೆಸರಿನವರೇ.

ಹುದ್ದೆಯ ವಿಷಯದಲ್ಲಿ ಗುಂಪು ಯಾವಾಗಲೂ ಒಂದು ಮೆಟ್ಟಿಲು ಮೇಲಕ್ಕೆ ಏರಿಸುತ್ತದೆ. ಇಲ್ಲಿಯೂ ‘ಆ’ ಸಂದೇಶ ಅವರನ್ನು ಡೆಪ್ಯೂಟಿ ಚೀಫ್ ಕೆಮಿಸ್ಟ್ ಮಾಡಿಬಿಟ್ಟಿದೆ. ಆದೇಶದಲ್ಲಿರುವುದು ಲ್ಯಾಬ್ ಇನ್‌ಚಾರ್ಜ್. ಇಲ್ಲಿ ಇನ್ನೊಂದು ತೊಡಕಿದೆ. ಸಕ್ಕರೆ ಕಾರ್ಖಾನೆಗಳಲ್ಲಿ ಲ್ಯಾಬ್ ಇನ್‌ಚಾರ್ಜ್ ಎಂಬುದು ಪೂರ್ಣ ಪ್ರಮಾಣದ ಹುದ್ದೆ. ಸರ್ಕಾರಿ ಕಚೇರಿಗಳ ರೂಢಿಯಲ್ಲಿ ಇನ್‌ಚಾರ್ಜ್ ಎಂದರೆ ಪ್ರಭಾರ, ಅಂದರೆ ಖಾಲಿ ಇರುವ ಹುದ್ದೆಯ ಕೆಲಸವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುವುದು. ಕನ್ನಡದಲ್ಲಿ ಬರೆಯಬೇಕೆಂಬ ಆಸೆಯಿಂದ ‘ಪ್ರಯೋಗಾಲಯದ ಪ್ರಭಾರ ವಹಿಸಿಕೊಂಡಿದ್ದಾರೆ’ ಎಂದು ಬರೆದರೆ ಬಡ್ತಿಯೇ ಅಳಿಸಿಹೋಗುತ್ತದೆ. ಓದಿದವರು ‘ಕಾಯಂ ಆಗಿಲ್ಲವಂತೆ’ ಎಂದು ಮಾತಾಡಿಕೊಳ್ಳುತ್ತಾರೆ. ಹುದ್ದೆಯ ಹೆಸರನ್ನು ಆದೇಶದಲ್ಲಿ ಇದ್ದಂತೆಯೇ ಕನ್ನಡ ಲಿಪಿಯಲ್ಲಿ ಬರೆಯುವುದೇ ಸರಿ. ನಿಜವಾಗಿಯೂ ಪ್ರಭಾರ ಮಾತ್ರ ಕೊಟ್ಟಿದ್ದರೆ ಅದನ್ನು ಬಡ್ತಿ ಎನ್ನಬೇಡಿ, ‘ಹೆಚ್ಚುವರಿ ಹೊಣೆ ವಹಿಸಲಾಗಿದೆ’ ಎನ್ನಿ.

ದಿನಾಂಕಗಳು ಎರಡಿರುತ್ತವೆ. ಒಂದು ಆದೇಶ ಹೊರಟ ದಿನ, ಇನ್ನೊಂದು ಹೊಸ ಹೊಣೆ ಶುರುವಾಗುವ ದಿನ. ತಂಡಕ್ಕೆ ಬೇಕಾದದ್ದು ಎರಡನೆಯದು. ನಮ್ಮ ಉದಾಹರಣೆಯಲ್ಲಿ ಆದೇಶ ಸೆಪ್ಟೆಂಬರ್ 18ರದು, ಹೊಣೆ ಅಕ್ಟೋಬರ್ 1ರಿಂದ. ನಡುವಿನ ದಿನಗಳಲ್ಲಿ ಹಳೆಯ ವ್ಯವಸ್ಥೆಯೇ ಇರುತ್ತದೆ ಎಂಬುದನ್ನೂ ಟಿಪ್ಪಣಿ ಹೇಳಬೇಕು. ನುರಿಸುವ ಹಂಗಾಮು ಶುರುವಾಗುವ ಹೊತ್ತಿಗೆ ಈ ಗೊಂದಲ ಉಳಿದಿದ್ದರೆ ಮೊದಲ ವಾರದ ವರದಿಗಳು ಎರಡು ಮೇಜುಗಳ ನಡುವೆ ಅಲೆಯುತ್ತವೆ.

ವರದಿಯ ವಿಷಯವನ್ನು ಚೀಫ್ ಕೆಮಿಸ್ಟ್ ಅವರಿಂದ ಕೇಳಿ ಬರೆದುಕೊಳ್ಳಿ. ಪಾಳಿ ವಿಶ್ಲೇಷಣಾ ವರದಿ ಯಾರಿಗೆ, ರಾಸಾಯನಿಕಗಳ ಬೇಡಿಕೆ ಪಟ್ಟಿಗೆ ಸಹಿ ಯಾರದು, ಪಾಳಿ ಬದಲಾವಣೆ ಯಾರನ್ನು ಕೇಳಬೇಕು, ಮಹಾಂತೇಶ ಅವರು ಬಿಟ್ಟ ಪಾಳಿಯನ್ನು ಯಾರು ನೋಡಿಕೊಳ್ಳುತ್ತಾರೆ. ಕೊನೆಯ ಪ್ರಶ್ನೆಗೆ ಇನ್ನೂ ಉತ್ತರವಿಲ್ಲ ಎಂದರೆ ‘ಆ ವಿವರವನ್ನು ಸೆಪ್ಟೆಂಬರ್ 28ರೊಳಗೆ ತಿಳಿಸಲಾಗುವುದು’ ಎಂದು ದಿನಾಂಕ ಹಾಕಿ ಬರೆಯಬಹುದು. ಸುಮ್ಮನಿದ್ದರೆ ಜನ ತಮಗೆ ತೋಚಿದ್ದನ್ನು ಊಹಿಸಿಕೊಳ್ಳುತ್ತಾರೆ.

ಹಂತ 3: ಒಂದು ಕೆಲಸವನ್ನು ಆರಿಸಿ, ವಿಚಾರಿಸಿ

ಟಿಪ್ಪಣಿಗೆ ಜೀವ ಬರುವುದು ಇಲ್ಲಿ. ‘ಶ್ರಮಜೀವಿ, ಪ್ರಾಮಾಣಿಕ, ಸ್ನೇಹಜೀವಿ’ ಎಂದು ಬರೆದರೆ ಆ ಮೂರು ಪದಗಳನ್ನು ಕಾರ್ಖಾನೆಯ ಯಾರ ಹೆಸರಿನ ಮುಂದೆ ಇಟ್ಟರೂ ಹೊಂದುತ್ತವೆ. ಅವರೊಬ್ಬರಿಗೇ ಹೊಂದುವ ಒಂದು ಕೆಲಸವನ್ನು ಹುಡುಕಬೇಕು. ನಮ್ಮ ಪಟ್ಟಿಯಲ್ಲಿ ಅಂಥದ್ದು ‘ಇ’ ಸಂದೇಶ. ಹಾಗಿದ್ದರೂ ಅದನ್ನು ಹಾಗೆಯೇ ಎತ್ತಿ ಬರೆಯುವಂತಿಲ್ಲ.

ಮೊದಲು ಪದಗಳನ್ನು ನೋಡೋಣ, ಯಾಕೆಂದರೆ ಟಿಪ್ಪಣಿಯನ್ನು ಲೆಕ್ಕಪತ್ರ ವಿಭಾಗದವರೂ ಭದ್ರತಾ ಸಿಬ್ಬಂದಿಯೂ ಓದುತ್ತಾರೆ. ಬಗ್ಯಾಸ್ ಎಂದರೆ ಗಾಣದಲ್ಲಿ ರಸ ತೆಗೆದ ಮೇಲೆ ಉಳಿಯುವ ಕಬ್ಬಿನ ಸಿಪ್ಪೆ. ಪೋಲ್ ಎಂದರೆ ಪೋಲಾರಿಮೀಟರ್ ಎಂಬ ಬೆಳಕಿನ ಉಪಕರಣದಿಂದ ಅಳೆಯುವ, ಸ್ಥೂಲವಾಗಿ ಸಕ್ಕರೆಯ ಪ್ರಮಾಣ. ಬಗ್ಯಾಸ್ ಪೋಲ್ ಏರಿದೆ ಎಂದರೆ ರಸಕ್ಕೆ ಬರಬೇಕಾದ ಸಕ್ಕರೆ ಸಿಪ್ಪೆಯಲ್ಲೇ ಉಳಿದು, ಬಾಯ್ಲರಿನಲ್ಲಿ ಸುಟ್ಟುಹೋಗುತ್ತಿದೆ ಎಂದರ್ಥ. ಇಂಬಿಬಿಷನ್ ಎಂದರೆ ಗಾಣಗಳ ಸಾಲಿನ ಕೊನೆಯಲ್ಲಿ ಸಿಪ್ಪೆಯ ಮೇಲೆ ನೀರು ಬಿಟ್ಟು ಅಳಿದುಳಿದ ಸಕ್ಕರೆಯನ್ನು ತೊಳೆದು ತೆಗೆಯುವುದು. ಆ ನೀರು ಸಿಪ್ಪೆಯ ಪದರದ ಮೇಲೆ ಸಮನಾಗಿ ಬೀಳದಿದ್ದರೆ ಪೋಲ್ ಏರುತ್ತದೆ.

ಈಗ ವಿಚಾರಣೆ. ಸಂದೇಶ ಬರೆದವರನ್ನು ‘ಯಾವ ತಿಂಗಳು, ಆಗ ನೀವು ಅಲ್ಲಿದ್ದಿರಾ?’ ಎಂದು ಕೇಳಿ. ನಂತರ ಪ್ರಯೋಗಾಲಯದ ದಿನವಹಿ ನೋಡಿ. ಮಾದರಿಯಲ್ಲಿ ಸಿಕ್ಕದ್ದು ಹೀಗೆ: ಜನವರಿಯ ಒಂದು ದಿನ ಪೋಲ್ ಏರತೊಡಗಿತ್ತು. ಮಹಾಂತೇಶ ಅವರು ತಮ್ಮ ಪಾಳಿ ಮುಗಿದ ಮೇಲೂ ಉಳಿದು, ಕೊನೆಯ ಗಾಣದಿಂದ ಹೊರಬೀಳುವ ಸಿಪ್ಪೆಯ ಎಡ, ನಡು, ಬಲ ಮೂರೂ ಕಡೆಯಿಂದ ಬೇರೆ ಬೇರೆ ಮಾದರಿ ತೆಗೆದು, ಗಂಟೆಗೊಮ್ಮೆ ಪರೀಕ್ಷಿಸಿದ್ದಾರೆ. ಏರಿಕೆ ಬಲಬದಿಯಲ್ಲಿ ಮಾತ್ರ ಇತ್ತು. ಅದನ್ನು ಗಾಣ ವಿಭಾಗಕ್ಕೆ ತಿಳಿಸಿದಾಗ ಅಲ್ಲಿನವರು ಇಂಬಿಬಿಷನ್ ಕೊಳವೆ ಬಿಚ್ಚಿ, ಆ ಬದಿಯ ಕಟ್ಟಿಕೊಂಡಿದ್ದ ರಂಧ್ರಗಳನ್ನು ಬಿಡಿಸಿದ್ದಾರೆ. ಪೋಲ್ ಇಳಿದಿದೆ.

ಗುಂಪಿನ ಮಾತಿಗೂ ದಿನವಹಿಗೂ ಎರಡು ವ್ಯತ್ಯಾಸ ಕಂಡವು. ‘ರಾತ್ರಿಯೆಲ್ಲ ನಿಂತರು’ ಎಂಬುದು ನಿಜವಲ್ಲ, ಮುಂದಿನ ಪಾಳಿಯ ನಡುವಿನವರೆಗೆ ಇದ್ದರು. ರಿಪೇರಿ ಮಾಡಿದವರು ಗಾಣ ವಿಭಾಗದವರು. ಟಿಪ್ಪಣಿಯಲ್ಲಿ ಅವರನ್ನು ಬಿಟ್ಟರೆ ಓದಿದ ಫಿಟ್ಟರ್ ‘ಕೊಳವೆ ಬಿಚ್ಚಿದವನು ನಾನಲ್ಲವೇ’ ಎಂದುಕೊಳ್ಳುತ್ತಾನೆ, ಅದು ನ್ಯಾಯವೂ ಹೌದು. ಸರಿಯಾಗಿ ಹೇಳಿದ್ದರಿಂದ ಮಹಾಂತೇಶ ಅವರ ಹಿರಿಮೆ ಕಡಿಮೆಯಾಗಲಿಲ್ಲ. ಮೂರು ಕಡೆಯಿಂದ ಬೇರೆ ಮಾದರಿ ತೆಗೆಯಬೇಕೆಂದು ಹೊಳೆದದ್ದು ಅವರಿಗೆ. ರಾತ್ರಿಯೆಲ್ಲ ನಿಂತ ಕತೆಗಿಂತ ಈ ವಿವರವೇ ಅವರನ್ನು ಹೆಚ್ಚು ಚೆನ್ನಾಗಿ ತೋರಿಸುತ್ತದೆ.

‘ಈ’ ಸಂದೇಶದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ‘ರಿಕವರಿ ಏರಿದ್ದೇ ಇವರಿಂದ’ ಎಂಬ ಮಾತನ್ನು ಯಾವ ರೂಪದಲ್ಲೂ ಬರೆಯಬೇಡಿ. ರಿಕವರಿ ಎಂದರೆ ನುರಿಸಿದ ಕಬ್ಬಿನಲ್ಲಿ ಶೇಕಡಾ ಎಷ್ಟು ಸಕ್ಕರೆ ಸಿಕ್ಕಿತು ಎಂಬ ಲೆಕ್ಕ. ಅದು ತಳಿ, ಕಬ್ಬಿನ ಪಕ್ವತೆ, ಕಟಾವಾಗಿ ಎಷ್ಟು ಹೊತ್ತಿನ ಮೇಲೆ ಗಾಣಕ್ಕೆ ಬಂತು, ಗಾಣ ಮತ್ತು ಕುದಿಸುವ ವಿಭಾಗದ ಕೆಲಸ, ಇವೆಲ್ಲವನ್ನೂ ಅವಲಂಬಿಸಿದೆ. ಪ್ರಯೋಗಾಲಯ ಅದನ್ನು ಅಳೆಯುತ್ತದೆ, ನಷ್ಟ ಎಲ್ಲಿದೆ ಎಂದು ತೋರಿಸುತ್ತದೆ, ಒಬ್ಬರೇ ಏರಿಸಲು ಬರುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣವೆಂದರೆ, ಕೇಂದ್ರ ಸರ್ಕಾರ ಗೊತ್ತುಪಡಿಸುವ ಕಬ್ಬಿನ ನ್ಯಾಯಸಮ್ಮತ ದರ, ಅಂದರೆ ಎಫ್‌ಆರ್‌ಪಿ, ರಿಕವರಿಗೆ ಕಟ್ಟಿಕೊಂಡಿದೆ. ಇತ್ತೀಚಿನ ಹಂಗಾಮುಗಳಲ್ಲಿ ಶೇ 10.25ರ ರಿಕವರಿಯನ್ನು ಆಧಾರವಾಗಿಟ್ಟು, ಅದಕ್ಕಿಂತ ಹೆಚ್ಚಾದಂತೆ ದರ ಏರುವ ಲೆಕ್ಕವಿದೆ. ತಂಡದ ಟಿಪ್ಪಣಿ ಮೊಬೈಲಿನಿಂದ ಮೊಬೈಲಿಗೆ ಹೋಗಿ ಸಂಜೆಯೊಳಗೆ ಕಬ್ಬು ಬೆಳೆಗಾರರ ಕೈಯಲ್ಲಿರುತ್ತದೆ. ‘ರಿಕವರಿ ಏರಿದೆ ಎಂದು ನೀವೇ ಬರೆದಿದ್ದೀರಿ, ದರ ಯಾಕೆ ಏರಿಲ್ಲ?’ ಎಂದು ಅವರು ಕೇಳಿದರೆ ಅದು ಸರಿಯಾದ ಪ್ರಶ್ನೆಯೇ. ಆ ಪ್ರಶ್ನೆಗೆ ಉತ್ತರ ಕೊಡುವ ಜಾಗ ಅಭಿನಂದನೆಯ ಟಿಪ್ಪಣಿಯಲ್ಲ. ನಿಮ್ಮದು ಸಕ್ಕರೆ ಕಾರ್ಖಾನೆ ಅಲ್ಲದಿದ್ದರೂ ಹೀಗೆ ಹೊರಗಿನವರ ಹಣಕ್ಕೆ ತಾಗುವ ಒಂದು ಅಂಕಿ ಇದ್ದೇ ಇರುತ್ತದೆ. ಪತ್ತಿನ ಸಹಕಾರಿ ಸಂಘದಲ್ಲಿ ಅದು ವಸೂಲಾಗದ ಸಾಲದ ಮೊತ್ತ, ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗಳ ಲೆಕ್ಕ. ಅಂಥ ಅಂಕಿಯನ್ನು ಮುಟ್ಟಬೇಡಿ.

‘ಊ’ ಸಂದೇಶದಲ್ಲಿ ತಂದೆಯ ಕಾಯಿಲೆ ಇದೆ. ಬರೆದವರಿಗೆ ಅದು ನಿಷ್ಠೆಯ ಗುರುತು. ಆದರೆ ಮನೆಯ ನೋವು ಮನೆಯವರದು. ಆ ದಿನ ರಜೆ ಹಾಕದೆ ಬಂದದ್ದಕ್ಕೆ ಅವರಿಗೆ ಇಂದಿಗೂ ಬೇಸರವಿರಬಹುದು. ಜೊತೆಗೆ, ಕಾಯಿಲೆಯಲ್ಲೂ ರಜೆ ಹಾಕದವರಿಗೇ ಬಡ್ತಿ ಎಂಬ ಸಂದೇಶ ಉಳಿದವರಿಗೆ ಹೋಗುತ್ತದೆ. ಇದನ್ನು ಬಿಟ್ಟುಬಿಡಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ.

ಹಂತ 4: ಬರೆಯಿರಿ

ಗುಂಪಿನ ಮಾತಿನಿಂದ ತಪ್ಪಿಸಿಕೊಳ್ಳಲು ಹೋಗಿ ಜನ ಎರಡು ಹಳ್ಳಗಳಲ್ಲಿ ಒಂದಕ್ಕೆ ಬೀಳುತ್ತಾರೆ. ಒಂದು ಸರ್ಕಾರಿ ಸುತ್ತೋಲೆಯ ಭಾಷೆ:

> ‘ಈ ಮೂಲಕ ಸಮಸ್ತ ಸಿಬ್ಬಂದಿಗೆ ತಿಳಿಯಪಡಿಸುವುದೇನೆಂದರೆ, ಸದರಿ ವಿಭಾಗದ ಮಹಾಂತೇಶ ಬಡಿಗೇರ ಇವರು ಉಲ್ಲೇಖಿತ ಆದೇಶದನ್ವಯ ಪದೋನ್ನತಿ ಹೊಂದಿರುತ್ತಾರೆ.’

ಇದರಲ್ಲಿ ತಪ್ಪು ಮಾಹಿತಿ ಇಲ್ಲ, ಸಂತೋಷವೂ ಇಲ್ಲ. ‘ಹೊಂದಿರುತ್ತಾರೆ’ ಎಂಬ ಕ್ರಿಯಾಪದ ಬಡ್ತಿ ಆಗಿದೆಯೋ ಆಗುತ್ತಿರುತ್ತದೆಯೋ ಎಂಬುದನ್ನೂ ಮಸುಕಾಗಿಸುತ್ತದೆ. ‘ಬಡ್ತಿ ಪಡೆದಿದ್ದಾರೆ’ ಎಂದರೆ ಮುಗಿಯಿತು.

ಇನ್ನೊಂದು ಸನ್ಮಾನ ಪತ್ರದ ಭಾಷೆ:

> ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕಾಯಕಯೋಗಿ, ಅಜಾತಶತ್ರು, ಯುವಕರ ಕಣ್ಮಣಿ ಶ್ರೀ ಮಹಾಂತೇಶಣ್ಣಾ ಬಡಿಗೇರ ಇವರಿಗೆ...’

ಊರಿನ ಫ್ಲೆಕ್ಸ್ ಮೇಲೆ ಇದಕ್ಕೆ ಜಾಗವಿದೆ. ಜೊತೆಯಲ್ಲಿ ಕೆಲಸ ಮಾಡುವವರು ದಿನವೂ ನೋಡುವ ಮನುಷ್ಯನನ್ನು ಈ ಬಿರುದುಗಳು ಮರೆಮಾಡುತ್ತವೆ.

ಹಾಗಾದರೆ ಕ್ರಮ ಹೇಗೆ? ಮೊದಲ ವಾಕ್ಯದಲ್ಲೇ ಯಾರು, ಯಾವ ಹುದ್ದೆಗೆ, ಯಾವ ದಿನದಿಂದ ಎಂಬುದು ಬರಲಿ. ಮೊಬೈಲ್ ಪರದೆಯ ಮೇಲೆ ಮೊದಲು ಕಾಣುವುದು ಅಷ್ಟೇ. ಎರಡನೆಯ ಭಾಗದಲ್ಲಿ ವಿಚಾರಿಸಿ ಖಚಿತಪಡಿಸಿಕೊಂಡ ಆ ಒಂದು ಕೆಲಸ. ಮೂರನೆಯದರಲ್ಲಿ ತಂಡ ಏನು ಮಾಡಬೇಕು. ಕೊನೆಗೆ ಒಂದೇ ಸಾಲು ಅಭಿನಂದನೆ. ಮಾದರಿ ಟಿಪ್ಪಣಿ ಹೀಗೆ ಬಂತು:

> ಮಹಾಂತೇಶ ಬಡಿಗೇರ ಅವರು ಇನ್ನು ಮುಂದೆ ಲ್ಯಾಬ್ ಇನ್‌ಚಾರ್ಜ್
>
> ಆತ್ಮೀಯರೇ,
>
> ನಮ್ಮ ಪ್ರಯೋಗಾಲಯದ ಲ್ಯಾಬ್ ಕೆಮಿಸ್ಟ್ ಶ್ರೀ ಮಹಾಂತೇಶ ಎಸ್. ಬಡಿಗೇರ ಅವರು ಲ್ಯಾಬ್ ಇನ್‌ಚಾರ್ಜ್ ಹುದ್ದೆಗೆ ಬಡ್ತಿ ಪಡೆದಿದ್ದು, ಅಕ್ಟೋಬರ್ 1ರಿಂದ ಹೊಸ ಹೊಣೆ ವಹಿಸಿಕೊಳ್ಳುತ್ತಾರೆ.
>
> ಕಳೆದ ಜನವರಿಯಲ್ಲಿ ಬಗ್ಯಾಸಿನಲ್ಲಿ ಉಳಿಯುವ ಸಕ್ಕರೆ ಏರತೊಡಗಿದಾಗ, ಪಾಳಿ ಮುಗಿದ ಮೇಲೂ ಉಳಿದು ಕೊನೆಯ ಗಾಣದ ಮೂರು ಕಡೆಯಿಂದ ಗಂಟೆಗೊಮ್ಮೆ ಮಾದರಿ ತೆಗೆದವರು ಅವರು. ಏರಿಕೆ ಒಂದೇ ಬದಿಯಲ್ಲಿದೆ ಎಂದು ಅವರು ತೋರಿಸಿಕೊಟ್ಟಿದ್ದರಿಂದ ಗಾಣ ವಿಭಾಗದವರು ನೀರಿನ ಕೊಳವೆಯ ದೋಷವನ್ನು ಬೇಗ ಸರಿಪಡಿಸಿದರು. ಪ್ರಯೋಗಾಲಯಕ್ಕೆ ಹೊಸದಾಗಿ ಬಂದ ನಮ್ಮಲ್ಲಿ ಹಲವರಿಗೆ ಪೋಲಾರಿಮೀಟರ್ ಬಳಸಲು ಕಲಿಸಿದವರೂ ಅವರೇ.
>
> ಅಕ್ಟೋಬರ್ 1ರಿಂದ ಪಾಳಿ ವಿಶ್ಲೇಷಣಾ ವರದಿ, ರಾಸಾಯನಿಕಗಳ ಬೇಡಿಕೆ ಪಟ್ಟಿ ಮತ್ತು ಪಾಳಿ ಬದಲಾವಣೆಯ ಕೋರಿಕೆಗಳನ್ನು ಮಹಾಂತೇಶ ಅವರಿಗೆ ಕೊಡಿ. ಸೆಪ್ಟೆಂಬರ್ 30ರವರೆಗೆ ಈಗಿನ ವ್ಯವಸ್ಥೆಯೇ ಇರುತ್ತದೆ. ಅವರ ಪಾಳಿಗೆ ಯಾರು ಬರುತ್ತಾರೆ ಎಂಬುದನ್ನು ಸೆಪ್ಟೆಂಬರ್ 28ರೊಳಗೆ ತಿಳಿಸಲಾಗುವುದು.
>
> ಮಹಾಂತೇಶ ಅವರಿಗೆ ಪ್ರಯೋಗಾಲಯದ ನಮ್ಮೆಲ್ಲರ ಹೃತ್ಪೂರ್ವಕ ಅಭಿನಂದನೆಗಳು.
>
> ಚೀಫ್ ಕೆಮಿಸ್ಟ್

ಗುಂಪಿನ ಸಂಭ್ರಮ ಇದರಲ್ಲಿ ಎಲ್ಲಿ ಉಳಿದಿದೆ ಎಂದು ಗಮನಿಸಿ. ‘ನನ್ನ ಗುರು’ ಎಂಬ ಸಂದೇಶ ‘ನಮ್ಮಲ್ಲಿ ಹಲವರಿಗೆ ಕಲಿಸಿದವರೂ ಅವರೇ’ ಎಂದಾಗಿದೆ. ಹಾಗೆ ಬರೆಯುವ ಮೊದಲು ಕನಿಷ್ಠ ಇಬ್ಬರು ಮೂವರನ್ನು ಕೇಳಿ, ಅವರೂ ಹೌದೆಂದರೆ ಮಾತ್ರ ‘ಹಲವರು’ ಎನ್ನಿ. ಸಂದೇಶ ಒಬ್ಬರದೇ ಆದರೆ ‘ಹೊಸಬರಿಗೆ ಕಲಿಸುವಲ್ಲಿಯೂ ಅವರು ಮುಂದಿದ್ದಾರೆ’ ಎಂಬಷ್ಟಕ್ಕೆ ನಿಲ್ಲಿಸಿ. ‘ಪೋಲ್’ ಎಂಬ ಪದವನ್ನು ಟಿಪ್ಪಣಿಯಲ್ಲಿ ಬಿಟ್ಟು ‘ಬಗ್ಯಾಸಿನಲ್ಲಿ ಉಳಿಯುವ ಸಕ್ಕರೆ’ ಎಂದಿದ್ದೇನೆ. ಪ್ರಯೋಗಾಲಯದವರಿಗೆ ಅರ್ಥ ಬದಲಾಗುವುದಿಲ್ಲ, ಹೊರಗಿನವರಿಗೆ ತಿಳಿಯುತ್ತದೆ.

ಈ ಹುದ್ದೆಯಲ್ಲಿ ಮೊದಲಿದ್ದವರು ನಿವೃತ್ತರಾಗಿದ್ದರೆ ಅವರನ್ನು ನೆನೆದು ಒಂದು ವಾಕ್ಯ ಸೇರಿಸಿ. ಬೇರೆ ಕಾರಣಕ್ಕೆ ಹೋಗಿದ್ದರೆ ಆ ಸಂಗತಿಯನ್ನು ಎತ್ತುವ ಅಗತ್ಯವಿಲ್ಲ.

ಹಂತ 5: ಸಂಬೋಧನೆ ಮತ್ತು ಕ್ರಿಯಾಪದ

ಗುಂಪಿನಲ್ಲಿ ಅಣ್ಣಾ, ಸಾಹೇಬರೇ, ಕಾಕಾ ಎಂದೆಲ್ಲ ಕರೆಯುವುದು ನಮ್ಮ ಪ್ರೀತಿ. ಟಿಪ್ಪಣಿ ಚೀಫ್ ಕೆಮಿಸ್ಟ್ ಹೆಸರಿನಲ್ಲಿ ಹೋಗುವುದರಿಂದ ಅಲ್ಲಿ ‘ಅಣ್ಣಾ’ ಹೊಂದುವುದಿಲ್ಲ. ಮೊದಲ ಸಲ ‘ಶ್ರೀ’ ಸೇರಿಸಿ ಪೂರ್ಣ ಹೆಸರು, ನಂತರ ‘ಮಹಾಂತೇಶ ಅವರು’ ಸಾಕು. ಮಹಿಳೆಯರ ವಿಷಯದಲ್ಲಿ ಶ್ರೀಮತಿಯೋ ಕುಮಾರಿಯೋ ಎಂದು ಊಹಿಸಬೇಡಿ, ಅವರನ್ನೇ ಕೇಳಿ, ಅಥವಾ ಬರಿಯ ಹೆಸರಿನ ಮುಂದೆ ‘ಅವರು’ ಹಾಕಿ. ಗುಂಪಿನ ವಾಕ್ಯಗಳನ್ನು ನಕಲು ಮಾಡುವಾಗ ‘ಕಲಿಸಿದ’, ‘ಬಂದ’ ಎಂಬ ಏಕವಚನ ಅಲ್ಲಲ್ಲಿ ಉಳಿದುಬಿಡುತ್ತದೆ. ಒಂದು ವಾಕ್ಯದಲ್ಲಿ ‘ಮಾಡಿದರು’, ಮುಂದಿನದರಲ್ಲಿ ‘ಹುಡುಕಿದ’ ಎಂದಿದ್ದರೆ ಓದುಗರ ಕಣ್ಣು ಅಲ್ಲೇ ನಿಲ್ಲುತ್ತದೆ. ಮುಗಿಸಿದ ಮೇಲೆ ಕ್ರಿಯಾಪದಗಳನ್ನು ಮಾತ್ರ ನೋಡುತ್ತ ಒಮ್ಮೆ ಓದಿ. ಆಶ್ಚರ್ಯಸೂಚಕಗಳನ್ನೆಲ್ಲ ತೆಗೆದುಬಿಡಿ, ಅಭಿನಂದನೆಯ ಸಾಲಿಗೂ ಅದು ಬೇಕಿಲ್ಲ.

ಹಂತ 6: ತೋರಿಸಿ, ನಂತರ ಕಳುಹಿಸಿ

ಕರಡನ್ನು ಮೊದಲು ಮಹಾಂತೇಶ ಅವರಿಗೆ ತೋರಿಸಿ. ಆಗಲೇ ಹೇಳಿದ ಹತ್ತು ನಿಮಿಷದ ಮಾತು ಇದೇ. ‘ಚೆನ್ನಾಗಿದೆಯೇ?’ ಎಂದು ಕೇಳಿದರೆ ಸಂಕೋಚದಿಂದ ‘ಚೆನ್ನಾಗಿದೆ’ ಎಂದುಬಿಡುತ್ತಾರೆ. ‘ಇದರಲ್ಲಿ ತಪ್ಪಿರುವ ಸಂಗತಿ ಯಾವುದು? ಇನ್ನೊಬ್ಬರ ಹೆಸರು ಬರಬೇಕಿತ್ತೇ? ಯಾವುದಾದರೂ ವಾಕ್ಯ ಬೇಡವೇ?’ ಎಂದು ಕೇಳಿ. ಎರಡನೆಯ ಪ್ರಶ್ನೆಗೆ ಬಹಳ ಸಲ ಉತ್ತರ ಸಿಗುತ್ತದೆ. ಅಂದು ತಮ್ಮೊಂದಿಗೆ ಮಾದರಿ ಹೊತ್ತು ತಂದ ಸಹಾಯಕನ ಹೆಸರನ್ನು ಅವರೇ ಹೇಳುತ್ತಾರೆ. ಹೇಳಿದರೆ ಸೇರಿಸಿ. ನಂತರ ಗಾಣ ವಿಭಾಗದ ಮುಖ್ಯಸ್ಥರಿಗೆ ಅವರ ವಿಭಾಗದ ಮಾತಿರುವ ವಾಕ್ಯವನ್ನಷ್ಟೇ ಓದಿ ಹೇಳಿ. ಕೊನೆಗೆ ಚೀಫ್ ಕೆಮಿಸ್ಟ್ ಅವರ ಒಪ್ಪಿಗೆ.

ಅಕ್ಷರದ ತೊಂದರೆಯೊಂದು ಇಲ್ಲಿ ಕಾದಿರುತ್ತದೆ. ಕಚೇರಿಯ ಕಂಪ್ಯೂಟರಿನಲ್ಲಿ ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿ, ಅದನ್ನು ನಕಲಿಸಿ ಮೊಬೈಲಿಗೆ ಹಾಕಿದರೆ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳು ಕಾಣುತ್ತವೆ. ಯುನಿಕೋಡ್ ಎಂದರೆ ಎಲ್ಲ ಸಾಧನಗಳಿಗೂ ಒಂದೇ ರೀತಿ ಅರ್ಥವಾಗುವ ಅಕ್ಷರ ಸಂಕೇತ. ನುಡಿಯಲ್ಲೂ ಆ ಆಯ್ಕೆ ಇದೆ, ಅದನ್ನು ಆರಿಸಿಕೊಂಡೇ ಟೈಪ್ ಮಾಡಿ. ಹಳೆಯ ಫಾಂಟಿನಲ್ಲೇ ಬರೆದಾಗಿದೆ ಎಂದರೆ ಪಿಡಿಎಫ್ ಮಾಡಿ ಕಳುಹಿಸಿದರೆ ಅಕ್ಷರ ಕೆಡುವುದಿಲ್ಲ. ಕಳುಹಿಸುವ ಮೊದಲು ನಿಮ್ಮದಲ್ಲದ ಇನ್ನೊಂದು ಮೊಬೈಲಿನಲ್ಲಿ ತೆರೆದು ನೋಡಿ. ‘ಇನ್‌ಚಾರ್ಜ್’ ಎಂಬಂಥ ಪದಗಳಲ್ಲಿ ‘ನ್’ ಮತ್ತು ‘ಚಾ’ ಒತ್ತಕ್ಷರವಾಗಿ ಕೂಡಿಕೊಳ್ಳದೆ ಬಿಡಿಯಾಗಿಯೇ ಇವೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ.

ಪಾಳಿ ಬದಲಾಗುವ ಹೊತ್ತಿನಲ್ಲಿ ಕಳುಹಿಸಿದರೆ ಎರಡೂ ಪಾಳಿಯವರು ಒಟ್ಟಿಗೆ ಓದುತ್ತಾರೆ. ಮೊಬೈಲ್ ಒಳಗೆ ಬಿಡದ ವಿಭಾಗಗಳಿಗಾಗಿ ಒಂದು ಪ್ರತಿಯನ್ನು ಸೂಚನಾ ಫಲಕಕ್ಕೆ ಅಂಟಿಸಿ.

ಕಳುಹಿಸಿದ ಮೇಲೆ ತಪ್ಪು ಕಂಡರೆ, ವಾಟ್ಸ್‌ಆ್ಯಪಿನಲ್ಲಿ 15 ನಿಮಿಷದೊಳಗೆ ಸಂದೇಶವನ್ನು ತಿದ್ದಬಹುದು. ಅಷ್ಟರಲ್ಲಿ ಯಾರಾದರೂ ಮುಂದೆ ಕಳುಹಿಸಿದ್ದರೆ ಆ ಪ್ರತಿ ಹಾಗೆಯೇ ಉಳಿಯುತ್ತದೆ. ಕಾಗುಣಿತದ ತಪ್ಪಾದರೆ ತಿದ್ದಿ ಸುಮ್ಮನಾಗಬಹುದು. ಹುದ್ದೆ, ದಿನಾಂಕ, ವರದಿಯ ವಿಷಯದಲ್ಲಿ ತಪ್ಪಾಗಿದ್ದರೆ ‘ತಿದ್ದುಪಡಿ: ಹೊಸ ಹೊಣೆ ಅಕ್ಟೋಬರ್ 1ರಿಂದ, ಸೆಪ್ಟೆಂಬರ್ 18ರಿಂದ ಅಲ್ಲ’ ಎಂದು ಹೊಸ ಸಂದೇಶವನ್ನೇ ಹಾಕಿ, ಫಲಕದ ಪ್ರತಿಯನ್ನೂ ಅದೇ ಗಳಿಗೆಯಲ್ಲಿ ಬದಲಿಸಿ. ಪಾಳಿ ವರದಿ ಯಾರಿಗೆ ಕೊಡಬೇಕು ಎಂದು ಕೇಳಿದ್ದವರಿಗೆ, ಅವರ ಸಂದೇಶದ ಕೆಳಗೇ, ಟಿಪ್ಪಣಿಯ ಮೂರನೆಯ ಭಾಗವನ್ನು ಉತ್ತರವಾಗಿ ಹಾಕಿ.